ಇಂದಿನ ದರ, ನಾಳೆಯ ಹಣ

ನಾನು ಸಾಫ್ಟ್‌ವೇರ್‌ನವಳು, ವ್ಯಾಪಾರಿಯಲ್ಲ. ಆದರೆ ಚೆಂಬೂರಿನಲ್ಲಿ ಬಟ್ಟೆಯ ಚೀಲ ಹೊಲಿಸುವ ನಮ್ಮ ಚಿಕ್ಕಮ್ಮನಿಗೆ ಬೆಲೆ ಲೆಕ್ಕದ ಶೀಟ್ ಮಾಡಿಕೊಟ್ಟವಳು ನಾನೇ. ಅದರಲ್ಲಾದ ತಪ್ಪನ್ನೇ ಇವತ್ತು ಹೇಳುತ್ತೇನೆ.

ಆಗಷ್ಟೇ ಎಂಟೆಕ್ ಮುಗಿಸಿದ್ದ ಉತ್ಸಾಹ. ಡಾಲರ್ ದರ ತಾನಾಗಿಯೇ ಬಂದು ಕೂರಲಿ ಎಂದು ಒಂದು ಕೋಶದಲ್ಲಿ ಹೀಗೆ ಬರೆದಿದ್ದೆ:

```
=GOOGLEFINANCE("CURRENCY:USDINR")
```

2013ರ ಆಗಸ್ಟ್ 28. ರೂಪಾಯಿ ಅಲ್ಲಿಯವರೆಗಿನ ತೀರಾ ಕೆಳಮಟ್ಟಕ್ಕೆ ಬಿದ್ದು, ಡಾಲರ್ 68 ದಾಟಿದ್ದ ದಿನ. ಚೀಲವೊಂದಕ್ಕೆ ಖರ್ಚು 300 ರೂಪಾಯಿ, ಲಾಭ ಸೇರಿ 340. ಶೀಟ್ 68ರಿಂದ ಭಾಗಿಸಿ ಐದು ಡಾಲರ್ ಎಂದಿತು. ಎರಡು ಸಾವಿರ ಚೀಲ, ಹತ್ತು ಸಾವಿರ ಡಾಲರ್, ಹಣ ಅರವತ್ತು ದಿನಕ್ಕೆ. ಗಿರಾಕಿ ಅಂದೇ ಒಪ್ಪಿದರು. ಯಾಕೆ ಒಪ್ಪುವುದಿಲ್ಲ? ರೂಪಾಯಿ ಕುಸಿದದ್ದರ ಲಾಭವೆಲ್ಲ ನಾವು ಅವರಿಗೇ ಕೊಟ್ಟಿದ್ದೆವು!

ಅಕ್ಟೋಬರ್ ಕೊನೆಗೆ ಹಣ ಬಂದಾಗ ಡಾಲರ್ ಸುಮಾರು 61.50. 6,80,000 ನಿರೀಕ್ಷಿಸಿದ್ದಲ್ಲಿ ಸಿಕ್ಕಿದ್ದು 6,15,000. ಖರ್ಚೇ ಆರು ಲಕ್ಷ. ಬ್ಯಾಂಕಿನ ಶುಲ್ಕ ಕಳೆದರೆ ಎರಡು ತಿಂಗಳ ದುಡಿಮೆಗೆ ಉಳಿದದ್ದು ಹದಿನೈದು ಸಾವಿರಕ್ಕೂ ಕಡಿಮೆ. ಶೀಟ್ ಕೂಡಿಸಿದ್ದರಲ್ಲಿ ತಪ್ಪಿರಲಿಲ್ಲ, ತಪ್ಪಿದ್ದು ದಿನಾಂಕ. ಹಣ ಬರುವ ದಿನದ ದರ ಬೇಕಿದ್ದ ಜಾಗದಲ್ಲಿ ನಾನು ಇವತ್ತಿನ ದರ ಕೂರಿಸಿದ್ದೆ.

ಆ ಸೂತ್ರ ಅಳಿಸಿದೆ. ಈಗ ಚಿಕ್ಕಮ್ಮ ಬ್ಯಾಂಕಿಗೆ ಫೋನ್ ಮಾಡಿ, ಹಣ ಬರುವ ತಿಂಗಳಿನ ಫಾರ್ವರ್ಡ್ ದರ ಕೇಳಿ ಕೈಯಾರೆ ತುಂಬುತ್ತಾರೆ. ಮುಂದೊಂದು ದಿನ ನಮ್ಮ ಡಾಲರನ್ನು ಇಷ್ಟಕ್ಕೆ ಕೊಳ್ಳುತ್ತೇವೆಂದು ಬ್ಯಾಂಕ್ ಇವತ್ತೇ ಒಪ್ಪುವ ದರ ಅದು. ಇಲ್ಲಿನ ಬಡ್ಡಿ ಅಮೆರಿಕದ ಬಡ್ಡಿಗಿಂತ ಹೆಚ್ಚಿರುವಾಗ ಅದು ಆ ದಿನದ ದರಕ್ಕಿಂತ ತುಸು ಮೇಲೆಯೇ ಇರುತ್ತದೆ. ಪಕ್ಕದಲ್ಲಿ ಇನ್ನೊಂದು ಕೋಶ: ಒಟ್ಟು ಖರ್ಚನ್ನು ಬರಬೇಕಾದ ಡಾಲರಿನಿಂದ ಭಾಗಿಸಿದ್ದು. ಅಂದಿನ ಆರ್ಡರಿಗೆ ಅದು 60. ಡಾಲರ್ ಅದಕ್ಕಿಂತ ಇಳಿದರೆ ನಷ್ಟ ಎಂದು ಬೆಲೆ ಹೇಳುವ ಮೊದಲೇ ಕಾಣುತ್ತದೆ.

ಕೊಟೇಶನ್ನಿನಲ್ಲಿ ‘ಈ ಬೆಲೆ ಮೂರು ದಿನಕ್ಕೆ ಮಾತ್ರ’ ಎಂಬ ಸಾಲೂ ಇದೆ. ಆರ್ಡರ್ ಕೈಗೆ ಬಂದ ಮೇಲೆಯೇ ಬುಕಿಂಗ್. ಬರೀ ವಿಚಾರಣೆಯನ್ನು ನಂಬಿ ಬುಕ್ ಮಾಡಿದರೆ, ಆರ್ಡರ್ ತಪ್ಪಿದಾಗ ಒಪ್ಪಂದ ರದ್ದು ಮಾಡಬೇಕಾಗುತ್ತದೆ. ಅಷ್ಟರಲ್ಲಿ ಡಾಲರ್ ಏರಿದ್ದರೆ ಆ ವ್ಯತ್ಯಾಸ ನಮ್ಮ ತಲೆಗೆ.

ಹಣ ತಡವಾದರೂ ಇದೇ ತೊಂದರೆ. ಅದಕ್ಕೆ ಒಂದೇ ದಿನಾಂಕ ಹಿಡಿಯದೆ, ತಿಂಗಳೊಳಗೆ ಯಾವ ದಿನವಾದರೂ ಡಾಲರ್ ಕೊಡಬಹುದಾದ ಒಪ್ಪಂದ ಕೇಳುತ್ತಾರೆ. ಹಳೇ ಗಿರಾಕಿಯಾದರೆ ಮುಂಗಡ ಬಿಟ್ಟು ಉಳಿದದ್ದಕ್ಕೆಲ್ಲ ಬುಕಿಂಗ್, ಹೊಸಬರಾದರೆ ಅರ್ಧಕ್ಕೆ ಮಾತ್ರ.

“ಬುಕ್ ಮಾಡಿದ ಮೇಲೆ ಡಾಲರ್ ಏರಿದರೆ ಆ ಲಾಭ ಹೋಯಿತಲ್ಲ ಮಗಾ?” ಎಂದು ಚಿಕ್ಕಮ್ಮ ಕೇಳಿದ್ದರು. ಹೌದು, ಹೋಗುತ್ತದೆ. ಒಂದೆರಡು ಸಲ ಹೋಗಿಯೂ ಇದೆ. ಆಗ ಅವರು ನನ್ನನ್ನು ಬೈದು, ಮುಂದಿನ ಆರ್ಡರಿಗೆ ಮತ್ತೆ ಬ್ಯಾಂಕಿಗೇ ಫೋನ್ ಮಾಡಿದರು.