ಮಂಜುಗಡ್ಡೆಯಿಂದ ಆವಿಯವರೆಗೆ



ಘನವಸ್ತುವಿಗೆ ತನ್ನದೇ ಆದ ಆಕಾರವೂ ಗಾತ್ರವೂ ಉಂಟು; ದ್ರವಕ್ಕೆ ಗಾತ್ರವುಂಟು, ಆದರೆ ಆಕಾರ ಪಾತ್ರೆಯದು; ಅನಿಲಕ್ಕೆ ಇವೆರಡೂ ಇಲ್ಲ. ಆರನೆಯ ತರಗತಿಯ ಮಕ್ಕಳು ಈ ಮೂರು ಲಕ್ಷಣಗಳನ್ನು ಬಾಯಿಪಾಠ ಮಾಡಿ ಒಪ್ಪಿಸಿಬಿಡುತ್ತಾರೆ. ಆದರೆ ಅವರಲ್ಲಿ ಚುರುಕು ಬುದ್ಧಿಯ ಮಗುವೊಂದು ಎದ್ದುನಿಂತು, "ರಾಗಿಹಿಟ್ಟನ್ನು ಡಬ್ಬಿಗೆ ಸುರಿದರೆ ಅದೂ ಡಬ್ಬಿಯ ಆಕಾರವನ್ನೇ ತಾಳುತ್ತದಲ್ಲ, ಹಾಗಾದರೆ ಅದು ದ್ರವವೇ?" ಎಂದು ಕೇಳಿದರೆ, ಉಪಾಧ್ಯಾಯರು ಅದನ್ನು ಗದರಿಸಿ ಕೂರಿಸದೆ, ನಿಜವಾದ ಪಾಠ ಅಲ್ಲಿಂದಲೇ ಆರಂಭವಾಯಿತೆಂದು ಭಾವಿಸಬೇಕು. ಹಿಟ್ಟನ್ನು ಒಂದು ತಟ್ಟೆಯ ಮೇಲೆ ಸುರಿಯಿರಿ. ಅದು ಗುಡ್ಡೆಯಾಗಿ ನಿಲ್ಲುತ್ತದೆ. ನೀರು ಎಂದಿಗೂ ಗುಡ್ಡೆಯಾಗಿ ನಿಲ್ಲಲಾರದು. ಜೇನುತುಪ್ಪ ಎಷ್ಟೇ ಮಂದಗತಿಯದಾದರೂ ಕಡೆಗೊಮ್ಮೆ ಹರಡಿ ಸಮತಲವಾಗುವುದರಿಂದ ಅದು ದ್ರವವೇ. ಇನ್ನು ಸಕ್ಕರೆಯ ಒಂದೇ ಒಂದು ಹರಳನ್ನು ಅಂಗೈಯಲ್ಲಿಟ್ಟು ನೋಡಿದರೆ, ಯಾವ ಪಾತ್ರೆಯಲ್ಲಿದ್ದು ಬಂದಿದ್ದರೂ ಅದರ ಅಂಚುಗಳು ಹಾಗೆಯೇ ಇರುವುದು ಕಾಣುತ್ತದೆ. ಹಿಟ್ಟೆಂಬುದು ಅಸಂಖ್ಯಾತ ಪುಟ್ಟ ಘನವಸ್ತುಗಳ ರಾಶಿ. ಹರಿದಂತೆ ತೋರುವುದು ಆ ರಾಶಿಯೇ ಹೊರತು ಅದರೊಳಗಿನ ಕಣವಲ್ಲ.

ಇದಿಷ್ಟು ತಿಳಿದ ಮೇಲೆ, ಇವಕ್ಕಿಂತ ಆಳವಾದ ಒಂದು ಸಂಗತಿಯನ್ನು ಅಡಿಗೆಯ ಮನೆಯ ಒಲೆಯ ಮುಂದೆಯೇ ಮಕ್ಕಳಿಗೆ ತೋರಿಸಿಕೊಡಬಹುದು. ಅದಕ್ಕೆ ಬೇಕಾದುದು ಒಂದು ಚಿಕ್ಕ ಪಾತ್ರೆ, ಪುಡಿಮಾಡಿದ ನೂರು ಗ್ರಾಂ ಮಂಜುಗಡ್ಡೆ, ಒಂದು ಚಮಚ, ಮತ್ತು ಶಾಲೆಯ ಪ್ರಯೋಗಶಾಲೆಯಲ್ಲಿ ದೊರೆಯುವ ಉಷ್ಣಮಾಪಕ. ಜ್ವರ ನೋಡುವ ಉಷ್ಣಮಾಪಕ ಸಲ್ಲದು; ಅದರ ಅಳತೆ 42 ಡಿಗ್ರಿಗೇ ಮುಗಿದುಹೋಗುವುದರಿಂದ ಬಿಸಿನೀರಿನಲ್ಲಿ ಅದು ಒಡೆದೀತು. ಮಂಜುಗಡ್ಡೆ ಕರಗಲು ತೊಡಗಿದ ಕೂಡಲೇ ಪಾತ್ರೆಯನ್ನು ಸಣ್ಣ ಉರಿಯ ಮೇಲಿಟ್ಟು, ಉರಿಯನ್ನು ಕೊನೆಯವರೆಗೂ ಹೆಚ್ಚುಕಡಿಮೆ ಮಾಡದೆ, ಚಮಚದಿಂದ ಕಲಕುತ್ತ, ಅರ್ಧ ನಿಮಿಷಕ್ಕೊಮ್ಮೆ ಉಷ್ಣಮಾಪಕ ತೋರಿಸುವ ಅಂಕೆಯನ್ನು ಬರೆದುಕೊಳ್ಳುತ್ತ ಹೋಗಬೇಕು.

ಒಲೆ ಉರಿಯುತ್ತಿದೆ, ಪಾತ್ರೆಗೆ ಶಾಖ ಸೇರುತ್ತಲೇ ಇದೆ. ಆದುದರಿಂದ ಪಾದರಸ ಮೇಲೇರಲೇಬೇಕೆಂದು ಮಕ್ಕಳೆಲ್ಲರೂ ನಿರೀಕ್ಷಿಸುತ್ತಾರೆ. ಆದರೆ ಕಟ್ಟಕಡೆಯ ಮಂಜಿನ ಚೂರು ಮಾಯವಾಗುವವರೆಗೂ ಅದು ಸೊನ್ನೆಯನ್ನು ಬಿಟ್ಟು ಕದಲುವುದಿಲ್ಲ. ಚೂರುಗಳು ಇನ್ನೂ ತೇಲುತ್ತಿರುವಾಗಲೇ ಎರಡೋ ಮೂರೋ ಡಿಗ್ರಿ ತೋರಿತೆಂದರೆ, ಒಂದೋ ಕಲಕುವುದು ಸಾಲದು, ಇಲ್ಲವೇ ಉಷ್ಣಮಾಪಕದ ಬುರುಡೆ ಪಾತ್ರೆಯ ಕಾದ ತಳಕ್ಕೆ ತಗುಲಿದೆ ಎಂದು ತಿಳಿಯಬೇಕು. ಮಂಜೆಲ್ಲ ಕರಗಿದ ಮೇಲೆ ಪಾದರಸ ಸರಸರನೆ ಏರತೊಡಗುತ್ತದೆ. ನಡುವೆ ಪಾತ್ರೆಯ ಗೋಡೆಗೆ ಅಂಟಿಕೊಳ್ಳುವ ಸಣ್ಣ ಗುಳ್ಳೆಗಳು ಆವಿಯಲ್ಲ, ನೀರಿನಲ್ಲಿ ಕರಗಿದ್ದ ಗಾಳಿ. ಕೊನೆಗೆ ನೀರು ತಳದಿಂದಲೇ ಕುದಿಯಲಾರಂಭಿಸಿದಾಗ ಪಾದರಸ ಮತ್ತೆ ನಿಂತುಬಿಡುತ್ತದೆ. ಮಂಗಳೂರಿನಲ್ಲಿ ಈ ನಿಲುಗಡೆ 100 ಡಿಗ್ರಿಯ ಬಳಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಮೆಯಾದುದರಿಂದ 97ರ ಆಸುಪಾಸು. ಅಲ್ಲಿಯ ಮಕ್ಕಳು ಪುಸ್ತಕದ ಅಂಕೆ ಬರಲಿಲ್ಲವೆಂದು ತಮ್ಮ ಲೆಕ್ಕವನ್ನು ತಿದ್ದಬೇಕಾಗಿಲ್ಲ.

ಹೀಗೆ ಪಾದರಸ ನಿಂತ ವೇಳೆಯಲ್ಲಿ ಒಲೆಯಿಂದ ಬಂದ ಶಾಖವೆಲ್ಲ ಎಲ್ಲಿ ಹೋಯಿತು? ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಅಧ್ಯಾಪಕನಾಗಿದ್ದ ಜೋಸೆಫ್ ಬ್ಲ್ಯಾಕ್ ಎಂಬ ವಿಜ್ಞಾನಿ 1760ರ ದಶಕದ ಮೊದಲ ವರ್ಷಗಳಲ್ಲಿ ಈ ಪ್ರಶ್ನೆಯನ್ನೇ ಹಿಡಿದು ಕುಳಿತನು. ಅವನು ಒಂದೇ ಬಗೆಯ ಎರಡು ಗಾಜಿನ ಬುಡ್ಡಿಗಳನ್ನು ತೆಗೆದುಕೊಂಡು, ಒಂದರಲ್ಲಿ ಮಂಜುಗಡ್ಡೆಯನ್ನೂ ಇನ್ನೊಂದರಲ್ಲಿ ಅಷ್ಟೇ ತೂಕದ, ಹೆಚ್ಚುಕಡಮೆ ಅಷ್ಟೇ ತಣ್ಣಗಿನ ನೀರನ್ನೂ ಇಟ್ಟು, ಎರಡನ್ನೂ ಒಂದು ದೊಡ್ಡ ಕೋಣೆಯಲ್ಲಿ ತೂಗುಹಾಕಿದನು. ನೀರಿನ ಬುಡ್ಡಿ ಫ್ಯಾರನ್‌ಹೀಟ್ ಮಾನದಲ್ಲಿ ಏಳು ಡಿಗ್ರಿ ಏರಿ 40 ಡಿಗ್ರಿಯನ್ನು ಮುಟ್ಟಲು ಅರ್ಧ ಗಂಟೆ ಸಾಕಾಯಿತು; ಮಂಜಿನ ಬುಡ್ಡಿ ಅದೇ ಮಟ್ಟಕ್ಕೆ ಬರಲು ಹತ್ತೂವರೆ ಗಂಟೆ ಹಿಡಿಯಿತು. ಕೋಣೆಯ ಗಾಳಿ ಎರಡಕ್ಕೂ ಸಮನಾಗಿ ಶಾಖವನ್ನು ಕೊಡುತ್ತಿದ್ದುದರಿಂದ, ಆ ದೀರ್ಘಕಾಲ ಮಂಜಿನೊಳಗೆ ಸೇರಿದ ಶಾಖ ಬಿಸುಪಾಗಿ ತೋರದೆ, ಮಂಜನ್ನು ನೀರಾಗಿ ಮಾಡುವ ಕಾರ್ಯದಲ್ಲೇ ವ್ಯಯವಾಯಿತೆಂದು ಅವನು ನಿರ್ಣಯಿಸಿದನು. ಇದನ್ನೇ ನಾವು ಗುಪ್ತೋಷ್ಣವೆನ್ನುತ್ತೇವೆ. ಹಳೆಯ ಸಾಲವನ್ನು ತೀರಿಸುತ್ತಿರುವವನ ಕೈಗೆ ಹಣ ಎಷ್ಟು ಬಂದರೂ ಸಾಲ ಹರಿಯುವವರೆಗೆ ಅವನ ಪೆಟ್ಟಿಗೆ ತುಂಬದಿರುವಂತೆ, ಅಣುಗಳ ಬಿಗಿಯಾದ ಕಟ್ಟನ್ನು ಸಡಿಲಿಸುವ ಕೆಲಸ ಮುಗಿಯುವವರೆಗೆ ಉಷ್ಣತೆ ಏರುವುದಿಲ್ಲ.

ಆ ಕಟ್ಟು ಎಷ್ಟು ಬಿಗಿಯೆಂಬುದನ್ನು ನಿಮ್ಮ ಗಡಿಯಾರವೇ ಹೇಳಬಲ್ಲುದು. ಒಂದು ಗ್ರಾಂ ಮಂಜು ಕರಗಲು 80 ಕ್ಯಾಲೊರಿ, ಆ ನೀರು ಸೊನ್ನೆಯಿಂದ ನೂರು ಡಿಗ್ರಿಗೆ ಏರಲು 100 ಕ್ಯಾಲೊರಿ, ಕುದಿಯುವ ನೀರೆಲ್ಲ ಆವಿಯಾಗಲು ಸುಮಾರು 540 ಕ್ಯಾಲೊರಿ ಬೇಕು. ಆದುದರಿಂದ ನಿಮ್ಮ ಒಲೆ ಆ ತಣ್ಣೀರನ್ನು ಐದು ನಿಮಿಷಗಳಲ್ಲಿ ಕುದಿಸುವುದಾದರೆ, ಅದಕ್ಕೆ ಮೊದಲು ಮಂಜು ಕರಗಲು ನಾಲ್ಕು ನಿಮಿಷವೂ, ಅನಂತರ ನೀರು ಪೂರಾ ಇಂಗಿಹೋಗಲು ಇಪ್ಪತ್ತೇಳು ನಿಮಿಷವೂ ಬೇಕಾಗುತ್ತದೆ. ಪಾತ್ರೆಯೂ ಸುತ್ತಲಿನ ಗಾಳಿಯೂ ತಮ್ಮ ಪಾಲಿನ ಶಾಖವನ್ನು ಕಸಿಯುವುದರಿಂದ ಲೆಕ್ಕ ಕೂದಲೆಳೆಯಷ್ಟು ಸರಿಹೊಂದಲಾರದು. ಆದರೆ ಕೊನೆಯ ಹಂತ ಉಳಿದೆರಡಕ್ಕಿಂತ ಬಹಳ ದೀರ್ಘವೆಂಬುದರಲ್ಲಿ ಸಂದೇಹವುಳಿಯುವುದಿಲ್ಲ. ಪಾತ್ರೆ ಬರಿದಾಗುವ ಮುನ್ನ ಒಲೆಯನ್ನು ಆರಿಸುವುದು ಲೇಸು.

ಇನ್ನು ಆವಿಯನ್ನು ಕಣ್ಣಾರೆ ಕಂಡಿದ್ದೇವೆಂದು ನಾವೆಲ್ಲರೂ ನಂಬಿದ್ದೇವೆ. ಕೆಟಲಿನಲ್ಲಿ ನೀರು ಚೆನ್ನಾಗಿ ಕುದಿಯುವಾಗ ಅದರ ಮೂತಿಯ ತುದಿಯನ್ನು ದೂರದಿಂದ ಗಮನವಿಟ್ಟು ನೋಡಿರಿ: ಬಿಳಿಯ ಹೊಗೆಯಂಥದು ಮೂತಿಗೆ ಅಂಟಿಕೊಂಡಿರುವುದಿಲ್ಲ, ನಡುವೆ ಬೆರಳಗಲದಷ್ಟು ಜಾಗ ಏನೂ ಇಲ್ಲದಂತೆ ತಿಳಿಯಾಗಿರುತ್ತದೆ. ನಿಜವಾದ ಆವಿ ಇರುವುದು ಆ ಬರಿದಾಗಿ ತೋರುವ ಜಾಗದಲ್ಲಿ. ಅದು ಗಾಳಿಯಂತೆಯೇ ಅಗೋಚರ. ಮುಂದೆ ಕಾಣುವ ಬಿಳುಪು, ಆವಿ ತಣಿದು ಮರಳಿ ನೀರಾದ ಅತಿಸೂಕ್ಷ್ಮ ಹನಿಗಳ ಸಮೂಹ. ಉದ್ದ ಹಿಡಿಯ ತಣ್ಣನೆಯ ಸೌಟೊಂದನ್ನು ಹಿರಿಯರು ಅಲ್ಲಿ ಹಿಡಿದರೆ, ಕ್ಷಣದಲ್ಲಿ ಹನಿಗಳು ತೊಟ್ಟಿಕ್ಕತೊಡಗುತ್ತವೆ, ಸೌಟೂ ಬೇಗನೆ ಕಾಯುತ್ತದೆ. ಆವಿಯಾಗುವಾಗ ಒಳಸೇರಿದ್ದ 540 ಕ್ಯಾಲೊರಿ, ಆವಿ ಮತ್ತೆ ನೀರಾಗುವಾಗ ಹೊರಬೀಳುವುದೇ ಇದಕ್ಕೆ ಕಾರಣ. ಇಡ್ಲಿಯ ಹಿಟ್ಟು ನೀರನ್ನು ಮುಟ್ಟದೆ ಬೇಯುವುದು ಈ ಶಾಖದಿಂದಲೇ. ಕುದಿಯುವ ನೀರಿಗಿಂತ ಆವಿಯ ಸುಟ್ಟಗಾಯ ಕ್ರೂರವಾಗುವುದೂ ಇದರಿಂದಲೇ. ಆದುದರಿಂದ ಮಕ್ಕಳ ಕೈಗೆ ಗಡಿಯಾರವನ್ನೂ ಬರೆಯುವ ಹಾಳೆಯನ್ನೂ ಕೊಟ್ಟು, ಕೆಟಲನ್ನು ದೊಡ್ಡವರೇ ನೋಡಿಕೊಳ್ಳಬೇಕೆಂದು ವಿನಂತಿ.

ಈ ಪಾಠವನ್ನು ಕೇಳಿದ ಮನೆಯೊಡತಿಯರು ಒಂದು ಮಾತನ್ನು ಇಂದೇ ಪರೀಕ್ಷಿಸಬಹುದು. ತೆರೆದ ಪಾತ್ರೆಯಲ್ಲಿ ಬೇಳೆ ಒಮ್ಮೆ ಕುದಿಬಂದ ಮೇಲೆ, ಉರಿಯನ್ನು ಎಷ್ಟು ಜೋರುಮಾಡಿದರೂ ನೀರಿನ ಉಷ್ಣತೆ ಅಲ್ಲಿಂದ ಮೇಲೇರುವುದಿಲ್ಲ. ಕುದಿ ತಪ್ಪದಷ್ಟು ಸಣ್ಣ ಉರಿಯಲ್ಲಿಯೂ ಬೇಳೆ ಅಷ್ಟೇ ಹೊತ್ತಿಗೆ ಬೇಯುತ್ತದೆ. ಹೆಚ್ಚು ಸುಟ್ಟ ಸೌದೆಯಿಂದಾಗುವುದು ನೀರು ಬೇಗ ಇಂಗುವುದೊಂದೇ.