ಶಿಕ್ಷಕರ ಅರ್ಜಿಯನ್ನು ಪರೀಕ್ಷಿಸುವ ಬಗೆ

(ಮಹೋತ್ಸವದ ಶಿಕ್ಷಣಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



1916ನೆಯ ಇಸವಿಯಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದ ಏಳು ಮಂದಿ ಮಹನೀಯರನ್ನು ನಾವು ಸಪ್ತರ್ಷಿಗಳೆಂದು ಕರೆಯುತ್ತೇವೆ. ಅವರು ಸ್ವತಃ ಶಿಕ್ಷಕರಾಗಿದ್ದರು. ಸಂಸ್ಥೆಯನ್ನು ಕಟ್ಟಿದವರೇ ಪಾಠವನ್ನೂ ಬಲ್ಲವರಾಗಿದ್ದ ಕಾಲವದು. ಈಗಿನ ಸ್ಥಿತಿ ಬೇರೆ. ಮಠಗಳ ಆಶ್ರಯದಲ್ಲಿಯೂ ಊರವರ ಆಶ್ರಯದಲ್ಲಿಯೂ ನಡೆಯುವ ಶಾಲೆಗಳ ಮಂಡಳಿಯಲ್ಲಿ ವ್ಯಾಪಾರಸ್ಥರಿರುತ್ತಾರೆ, ಒಕ್ಕಲಿಗರಿರುತ್ತಾರೆ, ವಕೀಲರಿರುತ್ತಾರೆ. ಇವರೆಲ್ಲರೂ ಸದ್ಭಕ್ತರು, ಉದಾರಿಗಳು. ಆದರೆ ಗಣಿತದ ಶಿಕ್ಷಕನೊಬ್ಬನ ಬಯೋಡಾಟಾ ಮೇಜಿನ ಮೇಲೆ ಬಂದಾಗ ಅದನ್ನು ಓದತಕ್ಕ ರೀತಿ ಅವರಿಗೆ ತಿಳಿದಿರಬೇಕೆಂದು ನಿರೀಕ್ಷಿಸುವಂತಿಲ್ಲ. ಅಂಥವರ ಉಪಯೋಗಕ್ಕಾಗಿಯೇ ಈ ನಾಲ್ಕು ಮಾತು.

ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳೋಣ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ ಪೀರನವಾಡಿಯೆಂಬ ಊರಿದೆಯಷ್ಟೆ. ಮನೆಯಲ್ಲಿ ಕನ್ನಡ, ಮರಾಠಿ, ಉರ್ದು ಆಡುವ ಮಕ್ಕಳು ಅಲ್ಲಿ ಒಂದೇ ಓಣಿಯಿಂದ ಶಾಲೆಗೆ ಹೊರಡುತ್ತಾರೆ. ಆ ಕಡೆಯ ಒಂದು ಶಾಲೆ, ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಳಿಗೆ, ಎಂದರೆ ಜನರು ಸಿ.ಬಿ.ಎಸ್.ಇ. ಎಂದು ಕರೆಯುವ ಮಂಡಳಿಗೆ ಸೇರಿದ್ದೆಂದು ತಿಳಿಯೋಣ. ಅದು ಪ್ರಕಟಿಸಿದ ಜಾಹೀರಾತು ಇಷ್ಟೇ: 9 ಮತ್ತು 10ನೆಯ ತರಗತಿಗಳಿಗೆ ಗಣಿತ ಶಿಕ್ಷಕರು ಬೇಕಾಗಿದ್ದಾರೆ, ಗಣಿತ ವಿಷಯದಲ್ಲಿ ಪದವಿ, ಬಿ.ಎಡ್., ಸಿ.ಬಿ.ಎಸ್.ಇ. ಪಠ್ಯಕ್ರಮದ ಪರಿಚಯ ಅವಶ್ಯ. ಇಬ್ಬರ ಅರ್ಜಿಗಳು ಬಂದಿವೆ.

ಮೊದಲನೆಯವರು ಬಿ.ಎಸ್ಸಿ., ಬಿ.ಎಡ್. ಅರ್ಜಿಯ ತಲೆಯ ಮೇಲೆ ‘ಗಣಿತ ಮತ್ತು ವಿಜ್ಞಾನ ಶಿಕ್ಷಕರು’ ಎಂದಿದೆ. ಸಿ.ಬಿ.ಎಸ್.ಇ. ಶಾಲೆಯಲ್ಲಿ 8 ವರ್ಷಗಳ ಅನುಭವ, ಫಲಿತಾಂಶ ಶೇಕಡಾ 100. ಎರಡನೆಯವರು ಗಡಿಯಾಚೆಯ ಚಂದಗಡ ತಾಲೂಕಿನವರು, ಅವರೂ ಬಿ.ಎಸ್ಸಿ., ಬಿ.ಎಡ್. ಮಹಾರಾಷ್ಟ್ರ ಮಂಡಳಿಯ ಪ್ರೌಢಶಾಲೆಯಲ್ಲಿ 9 ಮತ್ತು 10ನೆಯ ತರಗತಿಗಳಿಗೆ 6 ವರ್ಷ ಗಣಿತ ಕಲಿಸಿದ್ದಾರೆ. ಸಿ.ಬಿ.ಎಸ್.ಇ.ಯ ಅನುಭವ ಏನೂ ಇಲ್ಲ. ಜಾಹೀರಾತಿನ ಮೂರು ಮಾತುಗಳಿಗೆ ಮೂರು ಗುರುತು ಹಾಕುತ್ತ ಹೋದರೆ ಮೊದಲನೆಯವರಿಗೆ ಮೂರು ಬೀಳುತ್ತವೆ, ಎರಡನೆಯವರಿಗೆ ಎರಡೇ. ಹೆಚ್ಚಿನ ಮಂಡಳಿಗಳು ಮೊದಲನೆಯವರನ್ನೇ ಆರಿಸುವವು. ನನ್ನ ಅಭಿಪ್ರಾಯದಲ್ಲಿ ಅದು ತಪ್ಪು ಆಯ್ಕೆ. ಏಕೆ ತಪ್ಪೆಂಬುದನ್ನು ಕಾಗದಗಳನ್ನು ಬಿಡಿಸಿಯೇ ನೋಡಬೇಕು.

ಜಾಹೀರಾತಿನಲ್ಲಿ ಆ ಮೂರು ಅರ್ಹತೆಗಳು ಒಂದೇ ಸಾಲಿನಲ್ಲಿ ಸಮನಾಗಿ ನಿಂತಿರುತ್ತವೆ. ಆದರೆ ಅವುಗಳ ತೂಕ ಸಮನಲ್ಲ. ಬಿ.ಎಡ್. ಎಂಬುದು ಬಾಗಿಲು. ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ. ಹೆಚ್ಚು ಕಡಿಮೆ ಎಂಬುದು ಅಲ್ಲಿಲ್ಲ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳಂತೆ ಪ್ರೌಢಶಾಲೆಯ ಶಿಕ್ಷಕರಿಗೆ ಪದವಿಯಲ್ಲಾಗಲಿ ಸ್ನಾತಕೋತ್ತರ ಪದವಿಯಲ್ಲಾಗಲಿ ಸಾಮಾನ್ಯವಾಗಿ ಶೇಕಡಾ 50 ಅಂಕಗಳೂ ಅದರ ಮೇಲೆ ಬಿ.ಎಡ್. ಪದವಿಯೂ ಇರತಕ್ಕದ್ದು. ಎಂ.ಎಸ್ಸಿ.ಯಲ್ಲಿ ಪ್ರಥಮ ಶ್ರೇಣಿ ಪಡೆದವರಾದರೂ ಬಿ.ಎಡ್. ಇಲ್ಲದಿದ್ದರೆ ಅವರ ಜ್ಞಾನಕ್ಕೆ ನಮಸ್ಕರಿಸಿ ಅರ್ಜಿಯನ್ನು ಹಿಂದಿರುಗಿಸಬೇಕು. ಇದಕ್ಕೆ ತೋರಿಕೆಯ ಒಂದು ಅಪವಾದವುಂಟು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂಥ ಕಡೆಗಳಲ್ಲಿ ವಿಷಯವನ್ನೂ ಬೋಧನಾಶಾಸ್ತ್ರವನ್ನೂ ಕೂಡಿಸಿ ನಾಲ್ಕು ವರ್ಷಗಳ ಒಂದೇ ಪದವಿಯನ್ನು ಕೊಡುತ್ತಾರೆ. ಅಂಥವರ ಬಳಿ ಬೇರೆ ಬಿ.ಎಡ್. ಪ್ರಮಾಣಪತ್ರವಿಲ್ಲವೆಂದು ತಳ್ಳಿಹಾಕಿದರೆ ಒಳ್ಳೆಯ ಶಿಕ್ಷಕರನ್ನು ಕಳೆದುಕೊಂಡಂತೆ.

ಬಾಗಿಲು ಗಟ್ಟಿಯಾದದ್ದೇ ಎಂಬುದನ್ನು ತಟ್ಟಿ ನೋಡುವ ರೀತಿಯನ್ನೂ ಹೇಳಿಬಿಡುವೆನು. ನಮ್ಮ ರಾಜ್ಯದಲ್ಲಿ ಬಿ.ಎಡ್. ಶಿಕ್ಷಣವು ಮೊದಲು ಒಂದು ವರ್ಷದ್ದಾಗಿತ್ತು. 2015ರಿಂದ ಎರಡು ವರ್ಷದ್ದಾಯಿತು. 2012ರಲ್ಲಿ ಒಂದೇ ವರ್ಷದಲ್ಲಿ ಮುಗಿಸಿದ್ದರೆ ಸರಿ; 2018ರಲ್ಲಿ ಸೇರಿ ಒಂದೇ ವರ್ಷದಲ್ಲಿ ಮುಗಿಸಿದೆನೆಂದರೆ ವಿಚಾರಿಸಲೇಬೇಕು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಸ್ಥಾಪನೆಯಾದದ್ದು 2010ರಲ್ಲಿ. ಅದಕ್ಕಿಂತ ಮುಂಚೆ ಈ ಭಾಗದ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. ಆದಕಾರಣ 2006ರ ಪದವಿಯ ಮೇಲೆ ರಾಣಿ ಚನ್ನಮ್ಮನ ಹೆಸರು ಕಂಡರೆ ಆ ಕಾಗದವು ತನ್ನ ಕಥೆಯನ್ನು ತಾನೇ ಹೇಳಿಕೊಂಡಿತು. ಇನ್ನು, ನಿಯತ ತರಗತಿಗಳಲ್ಲಿ ಬಿ.ಎಡ್. ಓದಿದ ವರ್ಷಗಳಲ್ಲಿಯೇ ಬೇರೊಂದು ಊರಿನ ಶಾಲೆಯಲ್ಲಿ ಪೂರ್ಣಕಾಲದ ನೌಕರಿಯ ಅನುಭವವನ್ನೂ ಬರೆದಿರುವುದುಂಟು. ತಾರೀಖುಗಳನ್ನು ಒಂದರ ಪಕ್ಕಕ್ಕೊಂದು ಬರೆದುಕೊಂಡರೆ ಸಾಕು, ಅದು ಕಣ್ಣಿಗೆ ಬೀಳುತ್ತದೆ. ಗಡಿಭಾಗದ ನಮಗೆ ಮತ್ತೊಂದು ಎಚ್ಚರಿಕೆ ಬೇಕು. ಬಿ.ಎಡ್. ಕಾಲೇಜುಗಳಿಗೆ ಮನ್ನಣೆ ಕೊಡುವ ಪರಿಷತ್ತು ದೇಶವನ್ನು ವಲಯಗಳಾಗಿ ವಿಭಾಗಿಸಿದೆ. ಕರ್ನಾಟಕವು ದಕ್ಷಿಣ ವಲಯದಲ್ಲಿದೆ, ಮಹಾರಾಷ್ಟ್ರವು ಪಶ್ಚಿಮ ವಲಯದಲ್ಲಿದೆ. ಚಂದಗಡದವರು ಕೊಲ್ಲಾಪುರದ ಕಾಲೇಜಿನಲ್ಲಿ ಓದಿದ್ದರೆ ಆ ಕಾಲೇಜಿನ ಹೆಸರು ದಕ್ಷಿಣದ ಪಟ್ಟಿಯಲ್ಲಿ ಸಿಕ್ಕುವುದಿಲ್ಲ. ಸಿಕ್ಕಲಿಲ್ಲವೆಂದು ‘ಮನ್ನಣೆಯಿಲ್ಲದ ಕಾಲೇಜು’ ಎಂದು ಷರಾ ಬರೆಯುವುದು ಅನ್ಯಾಯ. ಪಶ್ಚಿಮದ ಪಟ್ಟಿಯನ್ನು ತೆಗೆಸಿ ನೋಡಬೇಕು.

ನಮ್ಮ ಇಬ್ಬರೂ ಈ ಬಾಗಿಲನ್ನು ದಾಟಿದರೆಂದು ತಿಳಿಯೋಣ. ಮುಂದಿನದು ವಿಷಯ. ಇಲ್ಲಿಯೇ ಮಂಡಳಿಗಳು ಹೆಚ್ಚಾಗಿ ಎಡವುತ್ತವೆ, ಏಕೆಂದರೆ ಬಿ.ಎಸ್ಸಿ. ಎಂಬ ಮೂರಕ್ಷರಗಳನ್ನು ಓದಿ ಸಮಾಧಾನಪಡುತ್ತವೆ. ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳನ್ನು ಓದಿದವರಿದ್ದಾರೆ. ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರಗಳನ್ನು ಓದಿದವರೂ ಇದ್ದಾರೆ. ಪದವಿಪತ್ರದ ಮೇಲೆ ಇಬ್ಬರೂ ಬಿ.ಎಸ್ಸಿ.ಯೇ. ವ್ಯತ್ಯಾಸವು ತಿಳಿಯುವುದು ಅಂಕಪಟ್ಟಿಯಲ್ಲಿ. ಆದ್ದರಿಂದ ಪದವಿಪತ್ರವನ್ನು ಬದಿಗಿಟ್ಟು ಪ್ರತಿಯೊಂದು ವರ್ಷದ ಅಂಕಪಟ್ಟಿಯನ್ನೂ ಕೇಳಿ ಪಡೆಯತಕ್ಕದ್ದು. ಮೊದಲನೆಯವರ ಅಂಕಪಟ್ಟಿಗಳನ್ನು ಬಿಡಿಸಿದಾಗ ಕಾಣುವುದು ರಸಾಯನ, ಸಸ್ಯ, ಪ್ರಾಣಿಶಾಸ್ತ್ರಗಳು. ಪಿ.ಯು.ಸಿ.ಯ ಆಚೆಗೆ ಅವರು ಗಣಿತವನ್ನು ಓದಿಯೇ ಇಲ್ಲ. ಬಿ.ಎಡ್.ನಲ್ಲಿ ಅಭ್ಯಾಸಮಾಡಿದ ಎರಡು ಬೋಧನಾ ವಿಷಯಗಳು ಭೌತ ವಿಜ್ಞಾನ ಮತ್ತು ಜೀವ ವಿಜ್ಞಾನ. ಹಾಗಾದರೆ ‘ಗಣಿತ ಶಿಕ್ಷಕರು’ ಎಂಬ ಮಾತು ಎಲ್ಲಿಂದ ಬಂತು? ಅನುಭವ ಪತ್ರದಲ್ಲಿ ಅದರ ಮೂಲವಿದೆ: 6 ವರ್ಷ 4ರಿಂದ 7ನೆಯ ತರಗತಿಯವರೆಗೆ, 2 ವರ್ಷ 8ನೆಯ ತರಗತಿಗೆ ಗಣಿತವನ್ನು ಕಲಿಸಿದ್ದಾರೆ. ಸುಳ್ಳೇನೂ ಅಲ್ಲ. ಆದರೆ ಮಂಡಳಿಯ ಪರೀಕ್ಷೆಯು 10ನೆಯ ತರಗತಿಗೆ; ಅವರು ಕಲಿಸಿದ ತರಗತಿಗಳಿಗೆ ಅಂಥ ಪರೀಕ್ಷೆಯೇ ಇಲ್ಲ. ಶಾಲೆಯೇ ಪ್ರಶ್ನೆಪತ್ರಿಕೆ ತೆಗೆದು, ಶಾಲೆಯೇ ಅಂಕ ಕೊಟ್ಟ ತರಗತಿಯಲ್ಲಿ ಶೇಕಡಾ 100 ಎಂಬುದಕ್ಕೆ ಏನು ಬೆಲೆ?

ಎರಡನೆಯವರ ಅಂಕಪಟ್ಟಿಗಳಲ್ಲಿ ಮೂರು ವರ್ಷವೂ ಗಣಿತವಿದೆ, ಬಿ.ಎಡ್.ನ ಬೋಧನಾ ವಿಷಯಗಳಲ್ಲಿಯೂ ಗಣಿತವಿದೆ.

ಕಾಗದಕ್ಕೆ ಕಂಡದ್ದು ಮನುಷ್ಯನಲ್ಲಿಯೂ ಇದೆಯೇ ಎಂಬುದನ್ನು ಸಂದರ್ಶನದಲ್ಲಿ ನೋಡಬೇಕು. ದೊಡ್ಡ ಪ್ರಶ್ನೆ ಬೇಡ. ಒಂದು ಹೊಲದ ಉದ್ದವು ಅಗಲಕ್ಕಿಂತ 7 ಮೀಟರು ಹೆಚ್ಚು, ಕ್ಷೇತ್ರಫಲ 120 ಚದರ ಮೀಟರು; ಅಗಲವೆಷ್ಟು ಎಂದು ಹಲಗೆಯ ಮೇಲೆ ಬಿಡಿಸಹೇಳಿ. ಅಗಲಕ್ಕೆ ಎರಡು ಬೆಲೆಗಳು ಬರುತ್ತವೆ: 8 ಮತ್ತು ಋಣ 15. ಆಗ, ‘ಋಣ 15ನ್ನು ಏಕೆ ಬಿಟ್ಟಿರಿ?’ ಎಂದು ವಿದ್ಯಾರ್ಥಿಯಂತೆ ಕೇಳಿ. ಪಾಠವನ್ನು ಬಾಯಿಪಾಠ ಮಾಡಿದವರು, ‘ಋಣಸಂಖ್ಯೆ ಬಂದರೆ ಬಿಡಬೇಕು’ ಎನ್ನುವರು. ಗಣಿತವನ್ನು ಬಲ್ಲವರು, ‘ಸಮೀಕರಣಕ್ಕೆ ಎರಡೂ ಸರಿಯಾದ ಉತ್ತರಗಳೇ, ಆದರೆ ನಾವು ಕೇಳಿದ್ದು ಹೊಲದ ಅಗಲ, ಅದು ಋಣವಾಗಿರಲಾರದು’ ಎನ್ನುವರು. ಇಬ್ಬರ ಉತ್ತರವೂ ಮೇಲ್ನೋಟಕ್ಕೆ ಒಂದೇ ಎನಿಸೀತು. ಅದಕ್ಕೆ ಎರಡನೆಯ ಪ್ರಶ್ನೆ: ‘ಒಂದು ಸಂಖ್ಯೆಯ ವರ್ಗಕ್ಕೆ ಅದರ ಏಳರಷ್ಟನ್ನು ಕೂಡಿಸಿದರೆ 120 ಆಗುತ್ತದೆ, ಆ ಸಂಖ್ಯೆ ಯಾವುದು?’ ಸಮೀಕರಣವು ಅದೇ, ಆದರೆ ಈಗ ಋಣ 15 ಕೂಡ ನಿಜವಾದ ಉತ್ತರ. ನಿಯಮವನ್ನಷ್ಟೇ ಕಲಿತವರು ಇಲ್ಲಿಯೂ ಅದನ್ನು ಬಿಟ್ಟುಬಿಡುವರು. ಈ ಪರೀಕ್ಷೆಗೆ ಐದು ನಿಮಿಷ ಸಾಕು. ಕೇಳುವವರೊಬ್ಬರು ಗಣಿತ ಬಲ್ಲವರಾಗಿರಬೇಕು, ಮಂಡಳಿಯಲ್ಲಿ ಅಂಥವರಿಲ್ಲದಿದ್ದರೆ ಪಕ್ಕದ ಕಾಲೇಜಿನಿಂದ ಒಬ್ಬರನ್ನು ಬೇಡಿಕೊಳ್ಳಬೇಕು.

ಇನ್ನುಳಿದದ್ದು ಪಠ್ಯಕ್ರಮದ ಪರಿಚಯ. ಜಾಹೀರಾತಿನಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ನಿಜದಲ್ಲಿ ಇದೇ ಕಲಿತುಕೊಳ್ಳಬಹುದಾದದ್ದು. ವರ್ಗ ಸಮೀಕರಣವು ಮಹಾರಾಷ್ಟ್ರದಲ್ಲಿ ಒಂದು, ದಿಲ್ಲಿಯಲ್ಲಿ ಇನ್ನೊಂದು ಆಗುವುದಿಲ್ಲ. ಬೇರೆಯಾಗುವುದು ಪರೀಕ್ಷೆಯ ಕಟ್ಟಡ. ಮಹಾರಾಷ್ಟ್ರದ 10ನೆಯ ತರಗತಿಯಲ್ಲಿ ಗಣಿತವನ್ನು ಬೀಜಗಣಿತ, ರೇಖಾಗಣಿತ ಎಂದು 40 ಅಂಕಗಳ ಎರಡು ಪತ್ರಿಕೆಗಳಾಗಿ ಮಾಡಿದ್ದಾರೆ. ಸಿ.ಬಿ.ಎಸ್.ಇ.ಯಲ್ಲಿ 80 ಅಂಕಗಳ ಒಂದೇ ಪತ್ರಿಕೆ, 20 ಅಂಕಗಳು ಶಾಲೆಯ ಆಂತರಿಕ ಮೌಲ್ಯಮಾಪನಕ್ಕೆ. ಮೇಲಾಗಿ 2020ರ ಪರೀಕ್ಷೆಯಿಂದ ಅಲ್ಲಿ ಬೇಸಿಕ್, ಸ್ಟ್ಯಾಂಡರ್ಡ್ ಎಂದು ಎರಡು ಮಟ್ಟದ ಪತ್ರಿಕೆಗಳಿವೆ. ಪಠ್ಯಕ್ರಮವು ಎರಡಕ್ಕೂ ಒಂದೇ, ಪ್ರಶ್ನೆಗಳ ಕಠಿಣತೆ ಬೇರೆ. ಯಾವ ಮಗುವಿಗೆ ಯಾವುದನ್ನು ಹೇಳಬೇಕೆಂಬುದು ಶಿಕ್ಷಕರ ವಿವೇಚನೆ. ಆ ಮಂಡಳಿಯಲ್ಲಿ ಕೆಲಸಮಾಡಿದೆನೆನ್ನುವವರನ್ನು ಇದೊಂದನ್ನೇ ಕೇಳಿ ನೋಡಿರಿ. ‘ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳು ಬೇಸಿಕ್ ತೆಗೆದುಕೊಂಡರು, ನೀವು ಹೇಗೆ ತೀರ್ಮಾನಿಸಿದಿರಿ?’ ಎಂದರೆ 10ನೆಯ ತರಗತಿಗೆ ಕಲಿಸಿದವರು ಒಂದೊಂದು ಮಗುವಿನ ಕಥೆಯನ್ನೇ ಹೇಳುವರು. ನಮ್ಮ ಮೊದಲನೆಯ ಅರ್ಜಿದಾರರಿಗೆ ಆ ಕಥೆಗಳಿಲ್ಲ. ಸಿ.ಬಿ.ಎಸ್.ಇ. ಶಾಲೆಯ ಕಟ್ಟಡದಲ್ಲಿ ಅವರು 8 ವರ್ಷವಿದ್ದರು, ಆ ಮಂಡಳಿಯ ಪರೀಕ್ಷೆಯ ಹತ್ತಿರ ಒಂದು ದಿನವೂ ಇರಲಿಲ್ಲ.

ಆದ್ದರಿಂದ ಎರಡನೆಯವರನ್ನು ತೆಗೆದುಕೊಳ್ಳತಕ್ಕದ್ದು. ಆದರೆ ಅವರ ಕೊರತೆಯನ್ನು ಮರೆತಲ್ಲ. ಸಿ.ಬಿ.ಎಸ್.ಇ. ಶಾಲೆಗಳ ವರ್ಷವು ಏಪ್ರಿಲ್‌ನಲ್ಲಿಯೇ ಆರಂಭವಾಗುವುದರಿಂದ ನೇಮಕವು ಮಾರ್ಚಿಯೊಳಗೆ ಆಗಬೇಕು. ಹಿಂದಿನ ಐದು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಅವರೇ ಬಿಡಿಸಿ ತರಲಿ. ಒಂದು ಪ್ರಸಂಗವನ್ನು ಕೊಟ್ಟು ಅದರ ಮೇಲೆ ಕೇಳುವ ನಾಲ್ಕಂಕದ ಪ್ರಶ್ನೆಗಳನ್ನು ವಿಶೇಷವಾಗಿ ನೋಡಲಿ. ಮೊದಲನೆಯ ಕಿರುಪರೀಕ್ಷೆಗೆ ಅವರು ತೆಗೆದ ಪತ್ರಿಕೆಯನ್ನು ಆ ಮಂಡಳಿಯ ಅನುಭವವುಳ್ಳ ಹಿರಿಯ ಶಿಕ್ಷಕರೊಬ್ಬರು ಮಕ್ಕಳ ಕೈಸೇರುವ ಮೊದಲು ಓದಲಿ. ಶಾಲೆಯು ಚಿಕ್ಕದಾಗಿ, ಇವರಿಗೆ 8ನೆಯ ತರಗತಿಯನ್ನೂ ವಹಿಸುವುದಾದರೆ ಒಂದು ಮಾತನ್ನು ಮೊದಲೇ ನೋಡಿಕೊಳ್ಳಬೇಕು: 2010ರ ಅಧಿಸೂಚನೆಯಂತೆ 1ರಿಂದ 8ನೆಯ ತರಗತಿಯವರೆಗೆ ಕಲಿಸುವವರು ಶಿಕ್ಷಕ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಿರಬೇಕು. ಜಾಹೀರಾತಿನಲ್ಲಿ 9 ಮತ್ತು 10 ಎಂದು ಬರೆದು, ಜೂನ್‌ನಲ್ಲಿ 8ನ್ನೂ ಕೊಡುವುದು ಹಲವು ಕಡೆ ನಡೆಯುತ್ತದೆ.

ಮೊದಲನೆಯವರಿಗೆ ಬರೆಯುವ ಉತ್ತರದಲ್ಲಿ ‘ಅನರ್ಹರು’ ಎಂಬ ಪದವನ್ನು ಹಾಕಬಾರದು. ಅವರು ಎಂಟು ವರ್ಷ ಚಿಕ್ಕ ಮಕ್ಕಳನ್ನು ಸಾಕಿದ ಶಿಕ್ಷಕರು, ಜೀವವಿಜ್ಞಾನವನ್ನು ಪದವಿಯವರೆಗೆ ಓದಿದವರು. ಅರ್ಹತಾ ಪರೀಕ್ಷೆ ಮುಗಿಸಿದ್ದರೆ 6ರಿಂದ 8ನೆಯ ತರಗತಿಗಳ ವಿಜ್ಞಾನಕ್ಕೆ ಸ್ಥಳ ತೆರವಾದಾಗ ತಮ್ಮನ್ನೇ ಮೊದಲು ಕರೆಯುತ್ತೇವೆಂದು ಬರೆದು, ಆ ಅರ್ಜಿಯನ್ನು ಬೇರೆ ಕಡತದಲ್ಲಿ ಜೋಪಾನವಾಗಿ ಇಡತಕ್ಕದ್ದು.