ಪಾಪು ಎರಡು ನಿದ್ದೆಯಿಂದ ಒಂದಕ್ಕೆ ಬರುವಾಗ

ನಾನು ಮಾತಾಡ್ತಿರೋದು ಕಂದಿಕೆರೆಯಿಂದ. ಹಿಂದೆ ಕಾಯಿ ಸುಲಿಯೋ ಸದ್ದು ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ, ನಮ್ಮ ಅಂಗಳದಲ್ಲಿ ಅದು ದಿನಾ ಇದ್ದದ್ದೇ. ಇವತ್ತಿನ ವಿಷಯ ಮಗುವಿನ ಹಗಲು ನಿದ್ದೆ.

ನನ್ನ ಮಗಳಿಗೆ ಆಗ ಹದಿನಾಲ್ಕು ತಿಂಗಳು. ಬೆಳಿಗ್ಗೆ 6ಕ್ಕೆ ಏಳ್ತಿದ್ಲು, 9.30ಕ್ಕೆ ಮಲಗಿ ಒಂದೂವರೆ ಗಂಟೆ ಚೆನ್ನಾಗಿ ನಿದ್ದೆ ಮಾಡ್ತಿದ್ಲು. ಮಧ್ಯಾಹ್ನ 2.30ಕ್ಕೆ ಮಲಗಿಸಿದ್ರೆ ಮಾತ್ರ ಬರೀ ಆಟ. ಸಂಜೆ 5.30ಕ್ಕೆ ಸುಸ್ತಾಗಿ ಅರ್ಧ ಗಂಟೆ ಮಲಗೋಳು. ಆಮೇಲೆ ರಾತ್ರಿ 10.30 ಆದ್ರೂ ಕಣ್ಣು ಮುಚ್ಚುತ್ತಿರಲಿಲ್ಲ. ಮೊಬೈಲ್‌ನಲ್ಲಿ ಬರೆದಿಟ್ಟು ಕೂಡಿಸಿದೆ, ದಿನಕ್ಕೆ ಒಟ್ಟು ಒಂಬತ್ತೂವರೆ ಗಂಟೆ. ಒಂದರಿಂದ ಎರಡು ವರ್ಷದ ಮಕ್ಕಳಿಗೆ ಹಗಲು ರಾತ್ರಿ ಸೇರಿ 11ರಿಂದ 14 ಗಂಟೆ ನಿದ್ದೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ.

"ಮಗು ಬೆಳೀತಿದೆ ಕಣಮ್ಮ, ಅದಕ್ಕೆ ಎರಡು ನಿದ್ದೆ ಬೇಡ" ಅಂದ್ರು ಅತ್ತೆ. ಅವರು ಹೇಳಿದ್ದು ಸರಿಯಾಗಿತ್ತು. ಆದ್ರೆ ಒಂದೆರಡು ದಿನ ಮಲಗಲಿಲ್ಲ ಅಂತ ತೀರ್ಮಾನಕ್ಕೆ ಬರಬಾರದು. ನಡೆಯೋಕೆ ಕಲಿಯುವಾಗ, ಹಲ್ಲು ಬರುವಾಗ, ಜ್ವರ ಬಂದಾಗ ಕೂಡ ಹೀಗಾಗುತ್ತೆ, ಆಮೇಲೆ ಮತ್ತೆ ಎರಡು ನಿದ್ದೆಗೆ ವಾಪಸ್ ಬರ್ತಾರೆ. ಎರಡು ವಾರ ಬಿಡದೆ ಹೀಗೇ ನಡೆದ್ರೆ ಆಗ ಬದಲಾವಣೆ ಶುರುವಾಗಿದೆ ಅನ್ನಬಹುದು. ಹೆಚ್ಚಿನ ಮಕ್ಕಳಲ್ಲಿ ಇದು 13ರಿಂದ 18 ತಿಂಗಳ ನಡುವೆ ಆಗುತ್ತೆ.

ನಾನು ಮಾಡಿದ ಮೊದಲ ತಪ್ಪು, ಬೆಳಗಿನ ನಿದ್ದೆಯನ್ನ ಒಂದೇ ದಿನಕ್ಕೆ ನಿಲ್ಲಿಸಿದ್ದು. ಊಟದ ತಟ್ಟೆ ಮುಂದೇನೇ ತೂಕಡಿಸಿ, ಅತ್ತು ರಂಪ ಮಾಡಿದ್ಲು. ಮಾರನೇ ದಿನದಿಂದ ದಾರಿ ಬದಲಿಸಿದೆ. ಬೆಳಗಿನ ನಿದ್ದೆಯನ್ನ ತೆಗೆಯಲಿಲ್ಲ, ಮೂರು ದಿನಕ್ಕೊಮ್ಮೆ ಹದಿನೈದು ನಿಮಿಷ ಮುಂದಕ್ಕೆ ತಳ್ಳಿದೆ. 9.30 ಇದ್ದದ್ದು 9.45 ಆಯ್ತು, ಆಮೇಲೆ 10. ಹೀಗೆ 12.15ಕ್ಕೆ ಬರೋಕೆ ಒಂದು ತಿಂಗಳು ಹಿಡೀತು. ನಿದ್ದೆ ಬರೋ ಹೊತ್ತಿಗೆ ತೋಟಕ್ಕೆ ಕರ್ಕೊಂಡು ಹೋಗ್ತಿದ್ದೆ. ಬೆಳಕು, ಓಡಾಟ ಇದ್ರೆ ಕಾಲು ಗಂಟೆ ಸುಲಭವಾಗಿ ಕಳೆಯುತ್ತೆ. ಆ ಹೊತ್ತಲ್ಲಿ ಬೈಕ್, ಬಸ್ ಮಾತ್ರ ಬೇಡ, ಐದು ನಿಮಿಷದಲ್ಲಿ ಮಲಗಿಬಿಡ್ತಾರೆ.

ಕಷ್ಟ ಬಂದಿದ್ದು ಮಧ್ಯದ ವಾರಗಳಲ್ಲಿ. 10.45ಕ್ಕೆ ಮಲಗಿ 12.15ಕ್ಕೆ ಎದ್ದ ಮಗು ರಾತ್ರಿವರೆಗೆ ತಡೆಯೋದು ಹೇಗೆ? ತೀರಾ ಸುಸ್ತಾದ ದಿನ 3.30ಕ್ಕೆ ಹದಿನೈದು ಇಪ್ಪತ್ತು ನಿಮಿಷ ಮಲಗಿಸಿ, 4 ಗಂಟೆಯೊಳಗೆ ಎಬ್ಬಿಸ್ತಿದ್ದೆ. ಉಳಿದ ದಿನ ರಾತ್ರಿ 7ಕ್ಕೇ ಮಲಗಿಸಿದೆ. ಬೇಗ ಮಲಗಿಸಿದ್ರೆ ಬೇಗ ಏಳುತ್ತೆ ಅನ್ನೋ ಭಯ ನನಗೂ ಇತ್ತು, ಆದ್ರೆ ಅವಳು ಏಳೋದು 6 ಗಂಟೆಗೇ ಇತ್ತು.

12.15ಕ್ಕೆ ಬಂದ ಮೇಲೆ ಹೊಸ ತೊಂದರೆ. ಸರಿಯಾಗಿ ಮೂವತ್ತೈದು ನಿಮಿಷಕ್ಕೆ ಎದ್ದು ಕೂರೋಳು. ನಿದ್ದೆ ಒಂದೇ ಸಮನೆ ಇರಲ್ಲ, ಆಳಕ್ಕೆ ಇಳಿದು ಮತ್ತೆ ಹಗುರ ಆಗುತ್ತೆ. ಹಗುರಾದಾಗ ಮಗು ಅರೆ ಎಚ್ಚರವಾಗಿ ಸುತ್ತ ನೋಡುತ್ತೆ. ಮಲಗುವಾಗ ತೊಟ್ಟಿಲು ತೂಗ್ತಿತ್ತು, ಈಗ ನಿಂತಿದೆ. ಅಷ್ಟು ಸಾಕು, ಪೂರ್ತಿ ಎಚ್ಚರ ಆಗೋಕೆ. ಎದ್ದು ನಗ್ತಿದ್ರೆ ಅಷ್ಟೇ ಸಾಕಾಯ್ತೇನೋ ಅನ್ನಬಹುದಿತ್ತು. ಇವಳು ಕಣ್ಣುಜ್ಜಿ ಅಳ್ತಿದ್ಲು, ಅಂದ್ರೆ ಸಾಲಲಿಲ್ಲ.

ಮೂರು ಬದಲಾವಣೆ ಮಾಡಿದ್ವಿ. ಊಟ ನಿದ್ದೆಗೆ ಮುಂಚೆ, 11.30ಕ್ಕೆ. ಹೆಂಚಿನ ನಡುವಿನ ಗಾಜಿನಿಂದ ನೇರವಾಗಿ ಮುಖಕ್ಕೆ ಬಿಸಿಲು ಬೀಳ್ತಿತ್ತು, ಅವಳ ಹಾಸಿಗೆಯನ್ನ ಕತ್ತಲಿರೋ ಒಳಕೋಣೆಯ ನೆಲಕ್ಕೆ ಹಾಕಿದ್ವಿ. ಇನ್ನು ತೂಗೋದರ ಬದಲು ಪಕ್ಕದಲ್ಲಿ ಮಲಗಿ ತಟ್ಟೋದು, ಕಣ್ಣು ಪೂರ್ತಿ ಮುಚ್ಚೋ ಮುಂಚೆ ಕೈ ನಿಲ್ಲಿಸೋದು. ಎದ್ದು ಗೊಣಗಿದ್ರೆ ತಕ್ಷಣ ಎತ್ಕೊಳ್ಳದೆ ಹತ್ತು ನಿಮಿಷ ಕಾದ್ವಿ. ಜೋರಾಗಿ ಅತ್ತರೆ ಮಾತ್ರ ಎತ್ಕೊಂಡು, ಆ ದಿನ ರಾತ್ರಿ ಬೇಗ ಮಲಗಿಸಿದ್ವಿ.

ಸುಮಾರು ಎರಡು ವಾರದಲ್ಲಿ ನಿದ್ದೆ ಎರಡು ಗಂಟೆಗೆ ಬಂತು. ಈಗ 12.15ರಿಂದ 2.15, ರಾತ್ರಿ 7.45ರಿಂದ 6. ಕೂಡಿಸಿದ್ರೆ ಹನ್ನೆರಡು ಗಂಟೆ ದಾಟುತ್ತೆ. ಹಬ್ಬಕ್ಕೆ ಊರಿಗೆ ಹೋದಾಗ ಎಲ್ಲಾ ಕೆಡುತ್ತೆ, ಬಂದ ಮೇಲೆ ಎರಡು ಮೂರು ದಿನದಲ್ಲಿ ಸರಿ ಹೋಗುತ್ತೆ. ಆದ್ರೆ ಮಗು ದಿನಾ ಗೊರಕೆ ಹೊಡೆದ್ರೆ, ಬಾಯಿಂದ ಉಸಿರಾಡಿದ್ರೆ ಅಥವಾ ತೀರಾ ಬಿಳಿಚಿಕೊಂಡು ನಿದ್ದೆಯಲ್ಲಿ ಒದ್ದಾಡ್ತಿದ್ರೆ ವೇಳಾಪಟ್ಟಿ ಬದಲಿಸಿ ಪ್ರಯೋಜನ ಇಲ್ಲ, ಮಕ್ಕಳ ಡಾಕ್ಟರಿಗೆ ತೋರಿಸಿ.

ಅಗೋ, ಎದ್ದಳು. ಹೊತ್ತು 2.10, ಪರವಾಗಿಲ್ಲ. ಮತ್ತೆ ಸಿಗೋಣ.